ಸೇವೆಯೋ ಜಾಹೀರಾತೋ, ವಿಡಿಯೋದಲ್ಲೇ ಹೇಳಿಬಿಡಿ: ದೇವಸ್ಥಾನದ ಚಾನೆಲ್‌ಗಳಿಗೊಂದು ಬಹಿರಂಗ ಪತ್ರ

ದೇವಸ್ಥಾನ ಟ್ರಸ್ಟ್‌ಗಳ ಧರ್ಮದರ್ಶಿಗಳಿಗೆ, ವ್ಯವಸ್ಥಾಪಕರಿಗೆ, ಚಾನೆಲ್ ನೋಡಿಕೊಳ್ಳುವ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ನಾನು ಸಣ್ಣಪುಟ್ಟ ಟ್ರಸ್ಟ್‌ಗಳ ಲೆಕ್ಕ ಬರೆಯುವವನು. ರಸೀದಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಹುಂಡಿ ಎಣಿಸಿದ ಹಾಳೆ, ಇವೇ ನನ್ನ ದಿನದ ಓದು. ಈಚೆಗೆ ಇವುಗಳ ಜೊತೆ ನಿಮ್ಮ ವಿಡಿಯೋಗಳನ್ನೂ ನೋಡಬೇಕಾಗಿದೆ. ಖಾತೆಗೆ ಒಂದೇ ಸಂಜೆ ನೂರಾರು ಸಣ್ಣ ಮೊತ್ತ ಬಂದಿರುತ್ತದೆ. ಇದು ಯಾವ ಬಾಬ್ತು ಅಂತ ಕೇಳಿದರೆ "ಅವತ್ತು ಲೈವ್ ಇತ್ತು ಸಾರ್" ಅನ್ನುತ್ತಾರೆ. ಲೈವ್‌ನಲ್ಲಿ ಏನು ಹೇಳಿ ಹಣ ಕೇಳಿದರು ಅಂತ ಗೊತ್ತಾಗದೆ ಅದನ್ನು ಅನ್ನದಾನಕ್ಕೆ ಬರೆಯಬೇಕೋ, ಜೀರ್ಣೋದ್ಧಾರಕ್ಕೆ ಬರೆಯಬೇಕೋ, ಸಾಮಾನ್ಯ ನಿಧಿಗೆ ಹಾಕಬೇಕೋ ತಿಳಿಯುವುದಿಲ್ಲ. ಹಾಗಾಗಿ ನೋಡುತ್ತೇನೆ. ನೋಡಿದಾಗ ಕಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಾಯೋಜಕರ ವಿಷಯ. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಅಂಕಿಗಳನ್ನು ನಾನೇ ಹಾಕಿದ್ದೇನೆ. ರಥೋತ್ಸವದ ಮೂರು ಗಂಟೆಯ ಲೈವ್. ಒಂದು ತುಪ್ಪದ ಕಂಪನಿ ಟ್ರಸ್ಟ್‌ಗೆ 3 ಲಕ್ಷ ರೂಪಾಯಿ ಕೊಟ್ಟಿದೆ. ದೀಪಕ್ಕೂ ಪ್ರಸಾದಕ್ಕೂ ಬೇಕಾದ ತುಪ್ಪವನ್ನೂ ಕಳಿಸಿದೆ. ಲೈವ್ ಪರದೆಯ ಮೂಲೆಯಲ್ಲಿ ಕಂಪನಿಯ ಲೋಗೋ. ನಡುವೆ ಅರ್ಚಕರು ಡಬ್ಬ ಕೈಯಲ್ಲಿ ಹಿಡಿದು, "ನಮ್ಮ ದೇವರ ದೀಪ ಉರಿಯುವುದು ಈ ತುಪ್ಪದಲ್ಲೇ, ಇದು ಅಷ್ಟು ಶುದ್ಧ" ಅನ್ನುತ್ತಾರೆ. ಕೆಳಗೆ ಓಡುವ ಅಕ್ಷರದಲ್ಲಿ "ಇಂದಿನ ಸೇವಾಕರ್ತರು" ಅಂತ ಕಂಪನಿಯ ಹೆಸರು.

ಈಗ ಇದೇ 3 ಲಕ್ಷ ಮೂರು ಕಡೆ ಏನಾಗಿದೆ ನೋಡಿ. ಕಂಪನಿಯ ಪುಸ್ತಕದಲ್ಲಿ ಅದು ಜಾಹೀರಾತು ಖರ್ಚು. ಟ್ರಸ್ಟ್‌ನ ರಸೀದಿಯಲ್ಲಿ ದೇಣಿಗೆ. ವಿಡಿಯೋದಲ್ಲಿ ಸೇವೆ. ಕೊಟ್ಟವರಿಗೂ ತಗೊಂಡವರಿಗೂ ನಿಜ ಗೊತ್ತು. ಗೊತ್ತಿಲ್ಲದಿರುವುದು ಮನೆಯಲ್ಲಿ ಕೂತು ಕೈ ಮುಗಿದು ನೋಡುತ್ತಿರುವವರಿಗೆ ಮಾತ್ರ. ಅವರಿಗೆ ಕೇಳಿಸುವುದು ಅರ್ಚಕರ ಮಾತು. ಅಂಗಡಿಯವನು ಹೇಳಿದ್ದರೆ ಅರ್ಧ ನಂಬುತ್ತಿದ್ದರು. ಗರ್ಭಗುಡಿಯ ಮುಂದೆ ನಿಂತವರು ಹೇಳಿದರೆ ಪೂರ್ತಿ ನಂಬುತ್ತಾರೆ. ಕಂಪನಿ ದುಡ್ಡು ಕೊಟ್ಟಿದ್ದೂ ಆ ನಂಬಿಕೆಗೇ ಅಲ್ವಾ?

"ಹಾಗಾದರೆ ದಾನಿಗಳ ಹೆಸರೇ ಹೇಳಬಾರದಾ?" ಅಂತ ಒಬ್ಬ ವ್ಯವಸ್ಥಾಪಕರು ಕೇಳಿದ್ದರು. ಖಂಡಿತ ಹೇಳಬಹುದು. ದಾನಿಯ ಹೆಸರು ಹೇಳುವುದು ನಮ್ಮಲ್ಲಿ ಹೊಸದಲ್ಲ. ಹಳೆಯ ದೇವಸ್ಥಾನದ ಅಂಗಳದಲ್ಲಿರುವ ದಾನಶಾಸನವನ್ನು ಓದಿಸಿಕೊಂಡು ನೋಡಿ. ಯಾರು ಕೊಟ್ಟರು, ಯಾವ ಭೂಮಿ, ನಾಲ್ಕು ದಿಕ್ಕಿಗೆ ಅದರ ಎಲ್ಲೆ ಯಾವುದು, ಅದರ ಹುಟ್ಟುವಳಿ ನಂದಾದೀವಿಗೆಗೋ ನೈವೇದ್ಯಕ್ಕೋ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೋ, ಎಲ್ಲ ಬರೆದಿರುತ್ತದೆ. ಕೊನೆಗೆ, ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಅಂತ ಶಾಪ ಬೇರೆ. ಇವತ್ತಿನ ಯಾವ ಡಿಸ್ಕ್ರಿಪ್ಷನ್ ಬಾಕ್ಸ್‌ಗಿಂತಲೂ ಅದು ಪೂರ್ತಿಯಾದ ಮಾಹಿತಿ. ಆದರೆ ಆ ಕಲ್ಲಿನ ಮೇಲೆ "ಇವರ ಅಂಗಡಿಯಲ್ಲೇ ಎಣ್ಣೆ ಕೊಳ್ಳಿ" ಅಂತ ಇರುವುದಿಲ್ಲ.

ದಾನಕ್ಕೂ ಜಾಹೀರಾತಿಗೂ ನಡುವಿನ ಗೆರೆ ಎಲ್ಲಿದೆ ಅನ್ನುವುದನ್ನು ಜಿಎಸ್‌ಟಿಯವರು ಒಂದು ಸುತ್ತೋಲೆಯಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. 2019ರ ಅಕ್ಟೋಬರ್ 11ರ ಸುತ್ತೋಲೆ ಅದು, ಸಂಖ್ಯೆ 116. ದೇವಸ್ಥಾನದ ಒಂದು ಕೋಣೆಯನ್ನು ಯಾರೋ ಕಟ್ಟಿಸಿಕೊಟ್ಟಿದ್ದಾರೆ, ಅದರ ಬಾಗಿಲ ಮೇಲೆ "ತಂದೆಯ ನೆನಪಿಗಾಗಿ ಶ್ರೀಮತಿ ಮಾಲತಿ ದೇವಿಯವರ ಕೊಡುಗೆ" ಅಂತ ಬರೆಸಿದ್ದಾರೆ ಅನ್ನುವುದು ಅದರಲ್ಲಿರುವ ಉದಾಹರಣೆಗಳಲ್ಲಿ ಒಂದು. ಇದು ಕೃತಜ್ಞತೆ. ಕೊಟ್ಟವರ ವ್ಯಾಪಾರಕ್ಕೆ ಇದರಿಂದ ಪ್ರಚಾರವಿಲ್ಲ, ಹಾಗಾಗಿ ತೆರಿಗೆಯೂ ಇಲ್ಲ. ಆದರೆ ಕೊಟ್ಟವರ ವ್ಯಾಪಾರಕ್ಕೆ ಜಾಹೀರಾತು ಮಾಡಿಕೊಡಬೇಕು ಅನ್ನುವ ಹೊಣೆ ಸಂಸ್ಥೆಯ ಮೇಲಿದ್ದರೆ ಅದು ದಾನವಲ್ಲ. ಸುತ್ತೋಲೆ ತೆರಿಗೆಗಾಗಿ ಬರೆದದ್ದು ನಿಜ. ವಿಡಿಯೋಗೂ ಅದೇ ಅಳತೆ ಸರಿಹೋಗುತ್ತದೆ.

ನಿಮ್ಮದೇ ಕಡತ ತೆಗೆದು ನೋಡಿದರೆ ಗೊತ್ತಾಗುತ್ತದೆ. ಕಂಪನಿಯ ಈಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ "ಲೋಗೋ ಎಷ್ಟು ಹೊತ್ತು, ಹೆಸರು ಎಷ್ಟು ಸಲ, ಅರ್ಚಕರ ಮಾತು ಎಷ್ಟು ಸೆಕೆಂಡ್" ಅಂತ ಪಟ್ಟಿ ಇದೆಯಾ? ಇದ್ದರೆ ಅದು ವ್ಯಾಪಾರ. ಲೋಗೋ ತೆಗೆದರೂ ಆ ಹಣ ಬರುತ್ತಿತ್ತಾ? ಬರುತ್ತಿದ್ದರೆ ದಾನ. ಈ ಎರಡು ಪ್ರಶ್ನೆ ಸಾಕು. ವ್ಯಾಪಾರ ಅಂತಾದರೆ ಅದಕ್ಕೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಹರಿದುಕೊಡುವುದು ತಪ್ಪು. ಜಿಎಸ್‌ಟಿ ಯಾರು ಕಟ್ಟಬೇಕು ಅಂತ ನಿಮ್ಮ ಆಡಿಟರ್ ಹತ್ತಿರ ಕೂತು ಕೇಳಿ. ಪ್ರಾಯೋಜಕರು ಬೇಡ ಅಂತ ನಾನು ಹೇಳುತ್ತಿಲ್ಲ. ರಥೋತ್ಸವಕ್ಕೆ ಖರ್ಚಿದೆ, ಕ್ಯಾಮೆರಾದವರಿಗೆ ಬಾಡಿಗೆ ಕೊಡಬೇಕು. ದುಡ್ಡು ತಗೊಳ್ಳಿ, ತಗೊಂಡಿದ್ದೇವೆ ಅಂತ ಹೇಳಿ.

ಹೇಳುವುದು ಹೇಗೆ ಅನ್ನುವುದಕ್ಕೂ ನಿಯಮ ಇದೆ. ಜಾಹೀರಾತು ಉದ್ಯಮವೇ ಕಟ್ಟಿಕೊಂಡಿರುವ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ. ಅದು 2021ರಲ್ಲಿ ಜಾಲತಾಣದಲ್ಲಿ ಪ್ರಚಾರ ಮಾಡುವವರಿಗೆ ಮಾರ್ಗಸೂಚಿ ತಂದಿತು. ಎರಡು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋ ಆದರೆ, ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ ಜಾಹೀರಾತು ಅನ್ನುವ ಪಟ್ಟಿ ಪರದೆಯ ಮೇಲೆ ಇರಬೇಕು ಅನ್ನುತ್ತದೆ ಅದು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಒಂದು ಕೈಪಿಡಿ ಕೊಟ್ಟಿತು. ವಿಡಿಯೋದಲ್ಲಾದರೆ ಅಕ್ಷರದಲ್ಲೂ ಮಾತಿನಲ್ಲೂ ಹೇಳಬೇಕು, ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು ಅನ್ನುವುದು ಅದರ ಸಾರ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೆ 10 ಲಕ್ಷದವರೆಗೆ ದಂಡ ಹಾಕುವ ಅಧಿಕಾರವಿದೆ. ಡಬ್ಬ ಹಿಡಿದು ಹೊಗಳಿದವರೂ ಇದರ ಲೆಕ್ಕಕ್ಕೆ ಬರುತ್ತಾರೆ. ಅರ್ಚಕರಿಗೆ ಈ ವಿಷಯ ಯಾರಾದರೂ ಹೇಳಿದ್ದೀರಾ? ಪಾಪ, ಕೈಗೆ ಡಬ್ಬ ಕೊಟ್ಟಿರಿ, ಹಿಡಿದರು.

ಯೂಟ್ಯೂಬ್‌ನಲ್ಲಿ ಹಣ ಪಡೆದ ಪ್ರಚಾರ ಇದೆ ಅನ್ನುವ ಕಡೆ ಟಿಕ್ ಮಾಡಿದ್ದೇವೆ ಅಂತ ಹುಡುಗರು ಹೇಳುತ್ತಾರೆ. ಮಾಡಲೇಬೇಕು, ಆದರೆ ಅದೊಂದೇ ಸಾಲದು. ಟಿಕ್ ಮಾಡಿದರೆ `Includes paid promotion` ಅನ್ನುವ ಚೀಟಿ ವಿಡಿಯೋದ ಶುರುವಿನಲ್ಲಿ ಸುಮಾರು 10 ಸೆಕೆಂಡ್ ಕಂಡು ಮರೆಯಾಗುತ್ತದೆ. ತುಪ್ಪದ ಮಾತು ಬರುವುದು ಒಂದು ಗಂಟೆ ಆದ ಮೇಲೆ. ಲೈವ್ ನೋಡುವವರು ನಡುವೆ ಬರುತ್ತಾರೆ, ತೇರು ಎಳೆಯುವ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅವರಿಗೆ ಆ ಚೀಟಿ ಕಾಣುವುದೇ ಇಲ್ಲ. ಕಂಡರೂ ಎಷ್ಟೋ ಅಜ್ಜಿಯರಿಗೆ ಇಂಗ್ಲಿಷ್ ಬರುವುದಿಲ್ಲ.

ಆದ್ದರಿಂದ ಲೋಗೋ ಇರುವಷ್ಟು ಹೊತ್ತೂ ಅದರ ಪಕ್ಕದಲ್ಲೇ ಕನ್ನಡದಲ್ಲಿ "ಹಣ ಪಡೆದ ಜಾಹೀರಾತು" ಅಂತ ಇರಲಿ. ನಿರೂಪಕರು ಬಾಯಿಬಿಟ್ಟು ಹೇಳಲಿ: "ಈ ನೇರ ಪ್ರಸಾರಕ್ಕೆ ಇಂಥ ಕಂಪನಿ ಟ್ರಸ್ಟ್‌ಗೆ ಹಣ ಕೊಟ್ಟಿದೆ. ತುಪ್ಪವನ್ನೂ ಅವರೇ ಉಚಿತವಾಗಿ ಕಳಿಸಿದ್ದಾರೆ. ಅವರ ಸರಕಿನ ಗುಣಮಟ್ಟವನ್ನು ಟ್ರಸ್ಟ್ ಪರೀಕ್ಷೆ ಮಾಡಿಸಿಲ್ಲ." ಮೂರನೇ ವಾಕ್ಯ ಕಂಪನಿಗೆ ಹಿಡಿಸಲಿಕ್ಕಿಲ್ಲ. ಅದಕ್ಕೇ ಅದನ್ನು ಒಪ್ಪಂದ ಮಾಡಿಕೊಳ್ಳುವಾಗಲೇ ಬರೆಸಿಕೊಳ್ಳಿ. ಇನ್ನು ಅರ್ಚಕರ ಕೈಗೆ ಡಬ್ಬ ಕೊಡುವುದನ್ನು ಪೂರ್ತಿ ನಿಲ್ಲಿಸಿ ಅನ್ನುವುದು ನನ್ನ ಅಭಿಪ್ರಾಯ. ನಿಯಮ ಹಾಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನು ಜನರ ಹತ್ತಿರ ನೀವೇ ಹಣ ಕೇಳುವ ವಿಷಯ. ಇಲ್ಲಿ ಪ್ರಾಯೋಜಕರಿಲ್ಲ, ಆದರೆ ಮಾತು ಜಾರುವುದು ಇಲ್ಲೇ ಜಾಸ್ತಿ. "5,000 ರೂಪಾಯಿ ಕೊಟ್ಟರೆ ನಿಮ್ಮ ಹೆಸರಿನಲ್ಲಿ ಒಂದು ದಿನದ ಅನ್ನದಾನ." ಎಲ್ಲರೂ ಕೇಳಿರುವ ಸಾಲು. ಕೊಡುವವರು ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ? ಮಗಳ ಹುಟ್ಟುಹಬ್ಬದ ದಿನ ಅಲ್ಲಿ ಉಣ್ಣುವವರೆಲ್ಲ ತಮ್ಮ ದುಡ್ಡಿನಲ್ಲಿ ಉಣ್ಣುತ್ತಾರೆ ಅಂತ. ಆದರೆ ದಿನಕ್ಕೆ ಸಾವಿರ ಜನ ಉಣ್ಣುವ ಕಡೆ 5,000ದಲ್ಲಿ ತಲೆಗೆ ಐದು ರೂಪಾಯಿ ಆಯಿತು. ಅಷ್ಟರಲ್ಲಿ ಊಟ ಆಗುವುದಿಲ್ಲ ಅಂತ ಅಡುಗೆ ಭಟ್ಟರನ್ನು ಕೇಳಿದರೂ ಹೇಳುತ್ತಾರೆ. ಅದೂ ಅಲ್ಲದೆ ಒಂದು ಸೋಮವಾರಕ್ಕೆ ಇಪ್ಪತ್ತು ಜನ ಕೊಟ್ಟಿರುತ್ತಾರೆ, ಮಂಗಳವಾರಕ್ಕೆ ಒಬ್ಬರೂ ಇರುವುದಿಲ್ಲ. ಒಂದೇ ದಿನವನ್ನು ಇಪ್ಪತ್ತು ಸಲ ಮಾರಿದ ಹಾಗಾಯಿತು.

ಟ್ರಸ್ಟ್ ಮೋಸ ಮಾಡುತ್ತಿದೆ ಅಂತಲ್ಲ. ಹಣ ಅನ್ನದಾನ ನಿಧಿಗೇ ಹೋಗಿರುತ್ತದೆ, ಅಕ್ಕಿ ಬೇಳೆಯೇ ಬಂದಿರುತ್ತದೆ, ಬಿಲ್ ನಾನೇ ನೋಡಿರುತ್ತೇನೆ. ಹೇಳಿದ ಮಾತು ಮಾತ್ರ ನಿಜವಲ್ಲ. ನಿಜವಾದ ಮಾತು ಹೀಗಿರಬಹುದು: "ನೀವು ಕೊಡುವ ಹಣ ಅನ್ನದಾನ ನಿಧಿಗೆ ಸೇರುತ್ತದೆ. ನೀವು ಹೇಳಿದ ದಿನ ನಿಮ್ಮ ಹೆಸರಿನಲ್ಲಿ ಸಂಕಲ್ಪ ಮಾಡುತ್ತೇವೆ. ಅದೇ ದಿನಕ್ಕೆ ಬೇರೆಯವರೂ ಕೊಟ್ಟಿರಬಹುದು." ಇದನ್ನು ಹೇಳಲು ಹತ್ತು ಹನ್ನೆರಡು ಸೆಕೆಂಡ್ ಸಾಕು. ಹೀಗೆ ಹೇಳಿದರೆ ಕೊಡುವವರು ಕಡಿಮೆ ಆಗುತ್ತಾರೆ ಅಂತ ಹೆದರಿಕೆ. ಆಗಲೂಬಹುದು. ಕಡಿಮೆ ಆದಷ್ಟು ಹಣ ತಪ್ಪು ತಿಳಿವಳಿಕೆಯಿಂದ ಬರುತ್ತಿತ್ತು ಅಂತ ಆಗ ಗೊತ್ತಾಗುತ್ತದೆ.

ಜೀರ್ಣೋದ್ಧಾರಕ್ಕೆ ಅಂತ ಕೇಳುವಾಗ ಇನ್ನೊಂದು ಮಾತು ಬೇಕು. ಗೋಪುರಕ್ಕೆ ಬೇಕಾದದ್ದು 40 ಲಕ್ಷ ಅಂದಿರಿ, 55 ಬಂತು. ಉಳಿದ 15 ಏನಾಗುತ್ತದೆ? ಮೊದಲೇ ಹೇಳದಿದ್ದರೆ ಆಮೇಲೆ ಆ ಹಣವನ್ನು ಬೇರೆ ಕೆಲಸಕ್ಕೆ ಮುಟ್ಟುವುದು ತಕರಾರಿನ ಕೆಲಸ. "ಹೆಚ್ಚು ಬಂದರೆ ಅನ್ನಛತ್ರದ ಕಟ್ಟಡಕ್ಕೆ ಬಳಸುತ್ತೇವೆ" ಅಂತ ಕೇಳುವಾಗಲೇ ಒಂದು ವಾಕ್ಯ ಸೇರಿಸಿದರೆ ನಿಮಗೂ ಹಗುರ, ನನಗೂ ಹಗುರ.

"ಕೊಡದವರು ಹಿಂದೂಗಳೇ ಅಲ್ಲ", "ನೋಡಿಯೂ ಮುಂದೆ ಹೋದರೆ ದೇವರು ನೋಡುತ್ತಿರುತ್ತಾನೆ" ಅನ್ನುವ ತಂಬ್‌ನೇಲ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಡದವರಿಗೆ ನಾಚಿಕೆ ಆಗುವಂತೆ ಮಾಡಬಾರದು ಅಂತ ಎಎಸ್‌ಸಿಐ ದತ್ತಿ ಕೆಲಸಗಳ ಜಾಹೀರಾತಿಗೂ ನಿಯಮ ಮಾಡಿದೆ. ನಿಯಮ ಇಲ್ಲದಿದ್ದರೂ ಅದು ಕೆಟ್ಟದ್ದೇ. ಹಾಗೆಯೇ, ವಿಡಿಯೋ ಮಾಡಿಕೊಟ್ಟ ಏಜೆನ್ಸಿಗೆ ಬಂದ ದೇಣಿಗೆಯಲ್ಲಿ ಪಾಲು ಇದ್ದರೆ, ಆ ಪಾಲು ಎಷ್ಟು ಅಂತ ಹೇಳಿ. ಕಾಯಿಲೆ ಮಕ್ಕಳಿಗಾಗಿ ಹಣ ಕೇಳುವ ಸೇವಾ ಸಂಸ್ಥೆಗಳ ಚಾನೆಲ್‌ಗಳಿಗೂ ಈ ಮಾತು.

ಈಗ ಸೂಪರ್ ಚಾಟ್. ಲೈವ್‌ನಲ್ಲಿ ಮಂಗಳಾರತಿ ಹೊತ್ತಿಗೆ ನಿರೂಪಕರು "ಸೂಪರ್ ಚಾಟ್ ಮೂಲಕ ಕಾಣಿಕೆ ಸಲ್ಲಿಸಿ, ನಿಮ್ಮ ಹೆಸರು ಗೋತ್ರ ಓದುತ್ತೇವೆ" ಅನ್ನುತ್ತಾರೆ. ಸೂಪರ್ ಚಾಟ್ ಕಾಣಿಕೆ ಅಲ್ಲ. ಅದು ಯೂಟ್ಯೂಬ್ ಮಾರುವ ಒಂದು ಸವಲತ್ತು, ನಿಮ್ಮ ಸಂದೇಶವನ್ನು ಬಣ್ಣ ಹಾಕಿ ಮೇಲೆ ತೋರಿಸುವುದಕ್ಕೆ. ತೆರಿಗೆ ಮತ್ತಿತರ ಕಡಿತ ಕಳೆದು ಉಳಿದದ್ದರಲ್ಲಿ ಚಾನೆಲ್‌ಗೆ ಬರುವುದು ನೂರಕ್ಕೆ 70. ಯಾರೋ 500 ರೂಪಾಯಿ ಕಳಿಸಿದರೆ ಟ್ರಸ್ಟ್‌ಗೆ 350ಕ್ಕಿಂತ ಕಡಿಮೆ ಸಿಗುತ್ತದೆ. ಅದೇ 500ನ್ನು ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಟ್ರಸ್ಟ್ ಖಾತೆಗೆ ಹಾಕಿದರೆ ಅಷ್ಟೂ ಬರುತ್ತದೆ.

ಇನ್ನೂ ಒಂದು ತೊಡಕಿದೆ. ಸೂಪರ್ ಚಾಟ್ ಹಣ ನಮಗೆ ಬರುವುದು ಗೂಗಲ್‌ನಿಂದ, ತಿಂಗಳಿಗೊಮ್ಮೆ, ಒಟ್ಟು ಮೊತ್ತವಾಗಿ. ಯಾರ ಪ್ಯಾನ್ ಸಂಖ್ಯೆಯೂ ಅದರಲ್ಲಿ ಇರುವುದಿಲ್ಲ. ಕಳಿಸಿದವರು ವರ್ಷದ ಕೊನೆಗೆ ರಸೀದಿ ಕೇಳಿದರೆ ನಾನು ಎಲ್ಲಿಂದ ತರಲಿ? ಈ ಕಷ್ಟ ನಿರೂಪಕರಿಗೆ ಗೊತ್ತಿಲ್ಲ, ಸುಮ್ನೆ ಹೇಳಿಬಿಡುತ್ತಾರೆ. ಹಾಗಾಗಿ ಸೂಪರ್ ಚಾಟ್ ಆನ್ ಇಟ್ಟರೆ ಹೀಗೆ ಹೇಳಿ: "ಇದರಲ್ಲಿ ಯೂಟ್ಯೂಬ್‌ಗೂ ಪಾಲು ಹೋಗುತ್ತದೆ, ರಸೀದಿ ಬರುವುದಿಲ್ಲ. ದೇಣಿಗೆ ಕೊಡುವವರು ಟ್ರಸ್ಟ್ ಖಾತೆಗೇ ಹಾಕಿ." ಹೆಸರು ಗೋತ್ರ ಓದುವುದನ್ನು ಅದಕ್ಕೆ ಕಟ್ಟಿಹಾಕಬೇಡಿ.

ರಸೀದಿ ಅಂದೆನಲ್ಲ, 80ಜಿ ಸಾಲನ್ನೂ ನೋಡೋಣ. "ದೇಣಿಗೆಗೆ 50% ತೆರಿಗೆ ವಾಪಸ್" ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ ವಿಡಿಯೋಗಳಿವೆ. 10,000 ಕೊಟ್ಟರೆ 5,000 ತಿರುಗಿ ಬರುತ್ತದೆ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. 5,000 ಕಡಿಮೆಯಾಗುವುದು ತೆರಿಗೆ ಹಾಕುವ ಆದಾಯದಲ್ಲಿ. ನೂರಕ್ಕೆ 30ರ ಹಂತದಲ್ಲಿ ಇರುವವರಿಗೆ ಉಳಿಯುವುದು ಸುಮಾರು 1,500. ನೂರಕ್ಕೆ 5ರ ಹಂತದವರಿಗೆ 250. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಏನೂ ಇಲ್ಲ. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ. ಅದಕ್ಕೂ ಮೊದಲು, ಬರೀ ಪೂಜೆ ಪುನಸ್ಕಾರ ನಡೆಸುವ ಎಷ್ಟೋ ಟ್ರಸ್ಟ್‌ಗಳಿಗೆ ಈ ವಿನಾಯಿತಿಯೇ ಸಿಕ್ಕಿರುವುದಿಲ್ಲ. ಇದ್ದವರು "80ಜಿ ಇದೆ, ಹಳೆಯ ಪದ್ಧತಿಯವರಿಗೆ ಮಾತ್ರ ಅನ್ವಯ, ಪ್ಯಾನ್ ಕೊಟ್ಟರೆ ಪ್ರಮಾಣಪತ್ರ ಕೊಡುತ್ತೇವೆ" ಅಂದರೆ ಸಾಕು. ಇಲ್ಲದವರು ಆ ಮಾತೇ ಎತ್ತಬೇಡಿ.

ಕೊನೆಯದು, ಪರದೆಯ ಮೇಲಿನ ಕ್ಯೂಆರ್ ಕೋಡ್. ಅದು ಟ್ರಸ್ಟ್ ಖಾತೆಯದ್ದೇ ಇರಬೇಕು. "ಟ್ರಸ್ಟ್ ಖಾತೆಗೆ ಕ್ಯೂಆರ್ ಇನ್ನೂ ಆಗಿಲ್ಲ, ಸದ್ಯಕ್ಕೆ ಕಾರ್ಯದರ್ಶಿಗಳದ್ದು ಹಾಕಿದ್ದೇವೆ" ಅನ್ನುವುದು ನನಗೆ ಬರುವ ಅತಿ ಕೆಟ್ಟ ಫೋನ್. ಆ ಹಣ ಅವರ ವೈಯಕ್ತಿಕ ಖಾತೆಯಲ್ಲಿ ಅವರ ಮನೆಯ ಹಾಲಿನ ಬಿಲ್ಲಿನ ಜೊತೆ ಬೆರೆತಿರುತ್ತದೆ. ಅವರು ಪ್ರಾಮಾಣಿಕರೇ ಇರಬಹುದು, ಅದನ್ನು ತೋರಿಸುವ ದಾರಿ ಇರುವುದಿಲ್ಲ. ನಿಮ್ಮ ವಿಡಿಯೋವನ್ನೇ ಕದ್ದು ತಮ್ಮ ಕ್ಯೂಆರ್ ಅಂಟಿಸಿ ಹಾಕುವವರೂ ಇದ್ದಾರೆ. ಎರಡಕ್ಕೂ ಮದ್ದು ಒಂದೇ. ಸ್ಕ್ಯಾನ್ ಮಾಡಿದಾಗ ಫೋನ್‌ನಲ್ಲಿ ಯಾವ ಹೆಸರು ಬರಬೇಕು ಅಂತ ನಿರೂಪಕರು ಪೂರ್ತಿ ಓದಿ ಹೇಳಲಿ. "ಬೇರೆ ಹೆಸರು ಬಂದರೆ ಕಳಿಸಬೇಡಿ" ಅಂತ ಸೇರಿಸಲಿ.

ಕೆಲಸ ಮುಗಿದ ಮೇಲೂ ಹಣ ಕೇಳುತ್ತಲೇ ಇರುವ ಹಳೆಯ ವಿಡಿಯೋಗಳು ಬೇರೆ. ಗೋಪುರ ಆಗಿ, ಕುಂಭಾಭಿಷೇಕವೂ ಆಗಿರುತ್ತದೆ. ಗೋಪುರಕ್ಕೆ ನೆರವಾಗಿ ಅನ್ನುವ ವಿಡಿಯೋವನ್ನು ಯೂಟ್ಯೂಬ್ ಇನ್ನೂ ಯಾರಿಗೋ ತೋರಿಸುತ್ತಿರುತ್ತದೆ. ದುಡ್ಡು ಬರುತ್ತಲೇ ಇರುತ್ತದೆ, ಗೋಪುರಕ್ಕೆ ಅಂತ. ಚಾನೆಲ್ ನೋಡಿಕೊಳ್ಳುವವರು ಈ ವಾರವೇ ಒಂದು ಪಟ್ಟಿ ಮಾಡಿ. ಕೆಲಸ ಮುಗಿದ ವಿಡಿಯೋದ ಶೀರ್ಷಿಕೆಯ ಮೊದಲಲ್ಲೇ "ಕೆಲಸ ಮುಗಿದಿದೆ" ಅಂತ ಹಾಕಿ. ಬಂದ ಮೊತ್ತ, ಆದ ಖರ್ಚು, ಉಳಿಕೆ, ಈ ಮೂರನ್ನು ಪಿನ್ ಮಾಡಿದ ಕಾಮೆಂಟ್‌ನಲ್ಲಿ ಬರೆಯಿರಿ, ಅಂಕಿ ನಾನು ಕೊಡುತ್ತೇನೆ. ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಮಸುಕು ಮಾಡುವ ಸೌಲಭ್ಯ ಇದೆ, ವಿಡಿಯೋ ಅಳಿಸದೆ ಕ್ಯೂಆರ್ ಇರುವ ಜಾಗವನ್ನು ಮಾತ್ರ ಮುಚ್ಚಬಹುದು. ವೀಕ್ಷಣೆ ಒಂದು ಲಕ್ಷ ದಾಟಿದ ವಿಡಿಯೋಗಳಲ್ಲಿ ಕೆಲವೊಮ್ಮೆ ಬದಲಾವಣೆ ಉಳಿಸಲು ಅದು ಬಿಡುವುದಿಲ್ಲ. ಅಂಥದ್ದನ್ನು ಪ್ರೈವೇಟ್ ಮಾಡಿ. ವೀಕ್ಷಣೆ ಹೋಗುತ್ತದೆ ಅಂತ ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ, ಅವರಿಗೆ ಧರ್ಮದರ್ಶಿಗಳೇ ಹೇಳಬೇಕು.

ಇತಿ,
ನಿಮ್ಮ ಲೆಕ್ಕ ಬರೆಯುವವರಲ್ಲಿ ಒಬ್ಬ